ಹೆಸರು ತಿಳಿಯದ ರಕ್ತದಾನಿಗಳಿಗೆ ಧನ್ಯವಾದ ಪತ್ರ: ಮನೆಯವರು ಬರೆಯುವುದು ಹೇಗೆ, ತಲುಪಿಸುವುದು ಹೇಗೆ

"ನಮ್ಮವರಿಗೆ ರಕ್ತ ಕೊಟ್ಟವರು ಯಾರು ಅಂತ ಹೇಳ್ತೀರಾ ಮೇಡಂ? ಒಂದ್ಸಲ ಫೋನ್ ಮಾಡಿ ಮಾತಾಡ್ಬೇಕಿತ್ತು." ರಕ್ತ ಕೇಂದ್ರದಲ್ಲಿ ಕೌನ್ಸೆಲರ್ ಆಗಿರುವ ನನಗೆ ರೋಗಿಗಳ ಮನೆಯವರಿಂದ ಮತ್ತೆ ಮತ್ತೆ ಎದುರಾಗುವ ಪ್ರಶ್ನೆ ಇದು. ಹೇಳಲು ಬರುವುದಿಲ್ಲ. ದಾನಿಯ ಗುರುತು ರೋಗಿಗೆ ತಿಳಿಯಬಾರದು, ರೋಗಿಯ ಗುರುತು ದಾನಿಗೆ ತಿಳಿಯಬಾರದು. ದುಡ್ಡಿಗೆ ರಕ್ತ ಕೊಡುವವರ ದಂಧೆ ನಮ್ಮ ದೇಶದಲ್ಲಿ ಬಹಳ ಕಾಲ ನಡೆದಿತ್ತು. 1996ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ, 1998ರ ಜನವರಿ 1ರಿಂದ ಅದನ್ನು ನಿಷೇಧಿಸಲಾಯಿತು. ಕೊಟ್ಟವರಿಗೂ ಪಡೆದವರಿಗೂ ನೇರ ಪರಿಚಯವಾಗಿಬಿಟ್ಟರೆ ಉಡುಗೊರೆ, ಹಣ, ಹಂಗು ಇವೆಲ್ಲ ಹಿಂಬಾಗಿಲಿನಿಂದ ಮತ್ತೆ ಒಳಗೆ ಬರುತ್ತವೆ. ಹಾಗಾಗಿ ಈ ಗೋಡೆ ಇರಲೇಬೇಕು.

ಆದರೆ ಪತ್ರಕ್ಕೆ ಅಡ್ಡಿಯಿಲ್ಲ. ಹೆಸರಿಲ್ಲದವರು ಹೆಸರಿಲ್ಲದವರಿಗೆ ಬರೆಯುವ ಪತ್ರ ರಕ್ತ ಕೇಂದ್ರದ ಮೂಲಕ ಹೋಗಬಹುದು. ಅದನ್ನು ಸರಿಯಾಗಿ ಬರೆಯಲು ಸ್ವಲ್ಪ ತಯಾರಿ ಬೇಕು. ಆ ತಯಾರಿಯ ಮುಖ್ಯ ಭಾಗ ಡಿಸ್ಚಾರ್ಜ್ ಆಗುವ ಮೊದಲೇ ಆಗಬೇಕು ಎಂಬುದು ಹೆಚ್ಚಿನವರಿಗೆ ಗೊತ್ತಿರುವುದಿಲ್ಲ.

ಕೊನೆಯವರೆಗೂ ಹಿಡಿದುಕೊಂಡು ಹೋಗಲು ಒಂದು ಉದಾಹರಣೆ ಇಟ್ಟುಕೊಳ್ಳೋಣ. ಮಲೆನಾಡಿನ ಒಬ್ಬ ಹೆಣ್ಣುಮಗಳು. ಮೊದಲ ಎರಡೂ ಹೆರಿಗೆ ಸಿಸೇರಿಯನ್. ಮೂರನೆಯ ಬಸಿರಿನಲ್ಲಿ ಮಾಸು, ಅಂದರೆ ಪ್ಲಾಸೆಂಟಾ, ಗರ್ಭಕೋಶದ ಕೆಳಭಾಗದಲ್ಲಿ ಹಳೆಯ ಹೊಲಿಗೆಯ ಗಾಯದ ಮೇಲೆಯೇ ಕಚ್ಚಿಕೊಂಡು ಒಳಗೆ ಬೇರುಬಿಟ್ಟಿದೆ. ವೈದ್ಯರು ಇದನ್ನು ಪ್ಲಾಸೆಂಟಾ ಅಕ್ರೀಟಾ ಎನ್ನುತ್ತಾರೆ. ಸಾಮಾನ್ಯ ಹೆರಿಗೆಯಲ್ಲಿ ಮಾಸು ತಾನಾಗಿ ಬಿಡಿಸಿಕೊಂಡು ಬೀಳುತ್ತದೆ. ಇಲ್ಲಿ ಅದು ಬಿಡುವುದಿಲ್ಲ, ಎಳೆದರೆ ರಕ್ತ ಧಾರೆಯಾಗಿ ಹರಿಯುತ್ತದೆ. ಅದಕ್ಕೇ ಅವಳನ್ನು ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಮೊದಲು ಮಗುವನ್ನು ತೆಗೆದು, ಆಮೇಲೆ ಗರ್ಭಕೋಶವನ್ನೇ ತೆಗೆಯಬೇಕಾಯಿತು. ಆರು ಗಂಟೆಯ ಶಸ್ತ್ರಚಿಕಿತ್ಸೆ. ಅವಳಿಗೆ ಕೊಟ್ಟದ್ದು 7 ಚೀಲ ಕೆಂಪು ರಕ್ತಕಣ, 6 ಚೀಲ ಪ್ಲಾಸ್ಮಾ, 4 ಚೀಲ ಪ್ಲೇಟ್‌ಲೆಟ್. ತಾಯಿ, ಮಗು ಇಬ್ಬರೂ ಮನೆಗೆ ಹೋದರು. ಪತ್ರ ಬರೆಯುವವಳು ಅವಳ ಅಕ್ಕ.

"ನಮ್ಮ ಕಡೆಯವರೇ ಕೊಟ್ಟರಲ್ಲ?"

ಶುರು ಮಾಡುವ ಮೊದಲು ಈ ಅನುಮಾನ ಬಗೆಹರಿಯಬೇಕು. ಶಸ್ತ್ರಚಿಕಿತ್ಸೆಯ ದಿನ ಭಾವ, ಮೈದುನ, ಚಿಕ್ಕಪ್ಪನ ಮಗ, ಸ್ನೇಹಿತರು ಅಂತ ಐದು ಜನ ಬಂದು ರಕ್ತ ಕೊಟ್ಟಿರುತ್ತಾರೆ. ಅದೇ ರಕ್ತ ಒಳಗೆ ಹೋಯಿತು ಎಂದೇ ಮನೆಯವರು ತಿಳಿದಿರುತ್ತಾರೆ. ಹಾಗೆ ಆಗುವುದು ಅಪರೂಪ. ಕೊಟ್ಟ ರಕ್ತವನ್ನು ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಸಿಫಿಲಿಸ್, ಮಲೇರಿಯಾ ಇವಕ್ಕೆ ಪರೀಕ್ಷೆ ಮಾಡಬೇಕು, ಗುಂಪು ಖಚಿತಪಡಿಸಬೇಕು, ಘಟಕಗಳಾಗಿ ಬೇರ್ಪಡಿಸಬೇಕು. ಅಷ್ಟಾದ ಮೇಲೇ ಅದು ಬಳಕೆಗೆ ಸಿದ್ಧ. ಮೇಜಿನ ಮೇಲೆ ರಕ್ತ ಹರಿಯುತ್ತಿರುವಾಗ ಅದಕ್ಕೆ ಕಾಯುವಂತಿಲ್ಲ. ಆಗ ಹೋಗುವುದು ಮೊದಲೇ ಫ್ರಿಜ್‌ನಲ್ಲಿ ಇದ್ದದ್ದು, ಎಂದೋ ಯಾರೋ ಕೊಟ್ಟದ್ದು. ಐದು ಜನ ನೆಂಟರು ಕೊಟ್ಟದ್ದು ಮುಂದಿನ ದಿನಗಳಲ್ಲಿ ಇನ್ಯಾರಿಗೋ ಹೋಗುತ್ತದೆ. ಮನೆಯವರು ರಕ್ತ ಕೊಟ್ಟಿದ್ದರೂ ಈ ಪತ್ರಕ್ಕೆ ಹಕ್ಕುದಾರರು ಬೇರೆಯವರೇ.

ಡಿಸ್ಚಾರ್ಜ್‌ಗೆ ಮೊದಲು ಕಾಗದ ಜೋಡಿಸಿ

ಬಿಲ್ ಕಟ್ಟಿ, ಗಾಡಿ ಕರೆಸಿ, ಔಷಧಿ ಚೀಲ ಹಿಡಿದು ಹೊರಡುವ ಗಡಿಬಿಡಿಯಲ್ಲಿ ರಕ್ತದ ಕಾಗದಗಳನ್ನು ಯಾರೂ ಕೇಳುವುದಿಲ್ಲ. ಆಮೇಲೆ ಊರಿನಿಂದ ಮತ್ತೆ ಬಂದು ರೆಕಾರ್ಡ್ ವಿಭಾಗದಲ್ಲಿ ಅರ್ಜಿ ಕೊಟ್ಟು ತೆಗೆಸಬೇಕಾಗುತ್ತದೆ. ವಾರ್ಡಿನಲ್ಲಿರುವಾಗಲೇ ಸಿಸ್ಟರ್ ಹತ್ತಿರ ಮೂರು ಕಾಗದಗಳ ಬಗ್ಗೆ ಕೇಳಿ, ಆಸ್ಪತ್ರೆಯ ಪದ್ಧತಿಯಂತೆ ಪ್ರತಿ ಪಡೆದುಕೊಳ್ಳಿ.

ಮೊದಲನೆಯದು ಕ್ರಾಸ್‌ಮ್ಯಾಚ್ ವರದಿ. ರೋಗಿಯ ರಕ್ತದ ಜೊತೆ ಯಾವ ಚೀಲ ಹೊಂದಿಕೊಂಡಿತು ಎಂದು ರಕ್ತ ಕೇಂದ್ರ ಬರೆದುಕೊಡುವ ಹಾಳೆ. ಅದರಲ್ಲಿ ಚೀಲದ ಸಂಖ್ಯೆ ಮತ್ತು ಗುಂಪು ಇರುತ್ತವೆ. ಸಾಮಾನ್ಯವಾಗಿ ಸಂಗ್ರಹಿಸಿದ ದಿನಾಂಕವೂ ಅವಧಿ ಮುಗಿಯುವ ದಿನಾಂಕವೂ ಇರುತ್ತವೆ. ಎರಡನೆಯದು ರಕ್ತ ಕೇಂದ್ರದಿಂದ ಚೀಲ ಬಿಡುಗಡೆಯಾದಾಗ ಜೊತೆಗೆ ಬರುವ ಚೀಟಿ, ಇಶ್ಯೂ ಸ್ಲಿಪ್ ಎನ್ನುತ್ತಾರೆ. ಮೂರನೆಯದು ಕೇಸ್ ಶೀಟಿನೊಳಗಿನ ಟ್ರಾನ್ಸ್‌ಫ್ಯೂಷನ್ ನೋಟ್ಸ್. ಯಾವ ಚೀಲವನ್ನು ಎಷ್ಟು ಗಂಟೆಗೆ ಹಾಕಿದರು, ಎಷ್ಟಕ್ಕೆ ಮುಗಿಯಿತು ಎಂದು ಅದರಲ್ಲಿ ಬರೆದಿರುತ್ತಾರೆ. ಖಾಲಿ ಚೀಲವನ್ನು ನೆನಪಿಗೆಂದು ಕೇಳುವವರಿದ್ದಾರೆ. ಅದು ಸೋಂಕಿನ ತ್ಯಾಜ್ಯ, ಕೊಡುವುದಿಲ್ಲ, ಕೇಳುವುದೂ ಬೇಡ.

ರಕ್ತ ಎಲ್ಲಿಂದ ಬಂತು ಎಂಬುದನ್ನೂ ಈ ಕಾಗದಗಳಲ್ಲೇ ನೋಡಿ. ಆಸ್ಪತ್ರೆಯ ಒಳಗಿನ ರಕ್ತ ಕೇಂದ್ರದಿಂದಲೇ ಎಲ್ಲವೂ ಬಂದಿರಬೇಕಾಗಿಲ್ಲ. ಬೆಂಗಳೂರಿನಲ್ಲಾದರೆ ರಾಷ್ಟ್ರೋತ್ಥಾನ, ಟಿಟಿಕೆ, ರೆಡ್ ಕ್ರಾಸ್‌ನಂಥ ಹೊರಗಿನ ಕೇಂದ್ರಗಳಿಂದಲೂ ತರಿಸುತ್ತಾರೆ. ನಮ್ಮ ಉದಾಹರಣೆಯಲ್ಲಿ ಕೆಂಪುಕಣ ಮತ್ತು ಪ್ಲಾಸ್ಮಾ ಆಸ್ಪತ್ರೆಯದೇ ಕೇಂದ್ರದ್ದು, ನಾಲ್ಕು ಚೀಲ ಪ್ಲೇಟ್‌ಲೆಟ್ ಹೊರಗಿನ ಒಂದು ಕೇಂದ್ರದ್ದು. ಅಂದರೆ ಪತ್ರ ಎರಡು ಕಡೆ ಹೋಗಬೇಕು.

ಎಷ್ಟು ಜನ ಎಂದು ಸರಿಯಾಗಿ ಎಣಿಸಿ

ಪತ್ರದಲ್ಲಿ ಸಂಖ್ಯೆ ಇರಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. "ಅನೇಕ ದಾನಿಗಳಿಗೆ" ಎಂದು ಬರೆದಾಗ ಓದುವ ದಾನಿಗೆ ತಾನು ಗುಂಪಿನಲ್ಲಿ ಕಳೆದುಹೋದಂತಾಗುತ್ತದೆ. "ನೀವು ಹದಿನಾರು ಜನ" ಎಂದರೆ ಆ ಹದಿನಾರರಲ್ಲಿ ತಾನೊಬ್ಬನಿರಬಹುದು ಎಂದು ಎದೆ ತಟ್ಟುತ್ತದೆ. ಆದರೆ ಎಣಿಕೆಯಲ್ಲಿ ಮೂರು ಕಡೆ ತಪ್ಪುತ್ತದೆ.

ಕ್ರಾಸ್‌ಮ್ಯಾಚ್ ಆದದ್ದೆಲ್ಲ ರೋಗಿಗೆ ಹೋದದ್ದಲ್ಲ. ಇಂಥ ಶಸ್ತ್ರಚಿಕಿತ್ಸೆಗೆ ಮೊದಲೇ ಹತ್ತು ಚೀಲ ಹೊಂದಿಸಿ ತೆಗೆದಿಟ್ಟಿರುತ್ತಾರೆ. ಏಳು ಸಾಕಾದರೆ ಉಳಿದ ಮೂರು ಬೇರೆ ರೋಗಿಗಳಿಗೆ ಸಿಗುತ್ತವೆ. ವರದಿಯಲ್ಲಿ ಮಾತ್ರ ಹತ್ತೂ ಇರುತ್ತವೆ. ಆದ್ದರಿಂದ ಕ್ರಾಸ್‌ಮ್ಯಾಚ್ ವರದಿಯನ್ನು ಟ್ರಾನ್ಸ್‌ಫ್ಯೂಷನ್ ನೋಟ್ಸ್ ಪಕ್ಕದಲ್ಲಿಟ್ಟು, ನಿಜವಾಗಿ ಹಾಕಿದ ಚೀಲಗಳ ಸಂಖ್ಯೆಗೆ ಮಾತ್ರ ಗುರುತು ಹಾಕುತ್ತ ಹೋಗಿ.

ಇನ್ನೊಂದು, ಕ್ರಾಸ್‌ಮ್ಯಾಚ್ ಮುಖ್ಯವಾಗಿ ಕೆಂಪುಕಣಕ್ಕೆ. ಪ್ಲಾಸ್ಮಾ ಮತ್ತು ಪ್ಲೇಟ್‌ಲೆಟ್ ಸಾಮಾನ್ಯವಾಗಿ ಗುಂಪು ನೋಡಿ ಕೊಡುವಂಥವು, ಆ ವರದಿಯಲ್ಲಿ ಸಿಗದಿರಬಹುದು. ಇಶ್ಯೂ ಸ್ಲಿಪ್ ನೋಡದಿದ್ದರೆ ಹತ್ತು ಚೀಲಗಳನ್ನು ಮರೆತೇಬಿಡುತ್ತೀರಿ.

ಮೂರನೆಯದು ಚೀಲಕ್ಕೊಬ್ಬ ದಾನಿ ಎಂದು ಲೆಕ್ಕ ಹಾಕುವುದು. ಒಬ್ಬರು ಒಂದು ಸಲಕ್ಕೆ 350 ಅಥವಾ 450 ಮಿಲಿಲೀಟರ್ ರಕ್ತ ಕೊಡುತ್ತಾರೆ. ಅದನ್ನು ಯಂತ್ರದಲ್ಲಿ ತಿರುಗಿಸಿ ಕೆಂಪುಕಣ, ಪ್ಲಾಸ್ಮಾ, ಪ್ಲೇಟ್‌ಲೆಟ್ ಎಂದು ಬೇರೆ ಬೇರೆ ಚೀಲ ಮಾಡುತ್ತಾರೆ. ಆ ಎಲ್ಲ ಚೀಲಗಳ ಮೇಲೂ ದಾನದ ಸಂಖ್ಯೆ ಒಂದೇ, ಘಟಕದ ಹೆಸರು ಮಾತ್ರ ಬೇರೆ. ಹಾಗಾಗಿ ಒಂದೇ ಕೇಂದ್ರದ ಎರಡು ಚೀಲಕ್ಕೆ ಒಂದೇ ಸಂಖ್ಯೆ ಇದ್ದರೆ ಇಬ್ಬರಲ್ಲ, ಒಬ್ಬರೇ. ಬೇರೆ ಬೇರೆ ಕೇಂದ್ರದ ಚೀಲಗಳಲ್ಲಿ ಸಂಖ್ಯೆ ಕೂಡಿಬಂದರೆ ಅದಕ್ಕೆ ಅರ್ಥವಿಲ್ಲ, ಪ್ರತಿ ಕೇಂದ್ರದ ಎಣಿಕೆ ಬೇರೆ. ಗೊಂದಲವಾದರೆ ರಕ್ತ ಕೇಂದ್ರದ ಟೆಕ್ನಿಷಿಯನ್‌ಗೆ ತೋರಿಸಿ, ಐದು ನಿಮಿಷದ ಕೆಲಸ. ನಮ್ಮ ಉದಾಹರಣೆಯಲ್ಲಿ 17 ಚೀಲ. ಒಂದು ಕೆಂಪುಕಣ ಮತ್ತು ಒಂದು ಪ್ಲಾಸ್ಮಾ ಚೀಲದ ಸಂಖ್ಯೆ ಒಂದೇ. ಹಾಗಾಗಿ ದಾನಿಗಳು 16.

ಎಣಿಸುವಾಗ ಸಂಗ್ರಹದ ದಿನಾಂಕಗಳ ಮೇಲೂ ಕಣ್ಣಾಡಿಸಿ. ಪ್ಲೇಟ್‌ಲೆಟ್ ಬಾಳುವುದು ಐದೇ ದಿನ, ಆದ್ದರಿಂದ ಅದನ್ನು ಕೊಟ್ಟವರು ಶಸ್ತ್ರಚಿಕಿತ್ಸೆಗೆ ಎರಡು ಮೂರು ದಿನ ಮುಂಚೆ ಬಂದಿರುತ್ತಾರೆ. ಕೆಂಪುಕಣ ಐದಾರು ವಾರ ಇರುತ್ತದೆ. ಹೆಪ್ಪುಗಟ್ಟಿಸಿಟ್ಟ ಪ್ಲಾಸ್ಮಾ ಒಂದು ವರ್ಷದವರೆಗೂ ಇರುತ್ತದೆ. ಆ ತಾಯಿ ಬಸಿರಾಗುವ ಮೊದಲೇ ಅವಳಿಗಾಗಿ ಯಾರೋ ಕೈ ಚಾಚಿ ಮಲಗಿದ್ದರು ಎಂಬುದು ಒಂದು ದಿನಾಂಕದಿಂದ ತಿಳಿಯಬಹುದು. ಪತ್ರದಲ್ಲಿ ಹೇಳಬೇಕಾದ ಸಂಗತಿ ಇದು. ಚೀಲದ ಸಂಖ್ಯೆ, ನಿಖರ ದಿನಾಂಕ ಮಾತ್ರ ಬರೆಯಬೇಡಿ. "ಕೆಲವು ತಿಂಗಳ ಹಿಂದೆ" ಎಂದರೆ ಸಾಕು.

ರೋಗಿಯ ಒಪ್ಪಿಗೆ

ಪತ್ರ ಬರೆಯುವವರು ಮನೆಯವರಾದರೂ ಕಥೆ ರೋಗಿಯದು. ಉದಾಹರಣೆಯ ಅಕ್ಕ ಮೊದಲ ಕರಡಿನಲ್ಲಿ, "ನನ್ನ ತಂಗಿಯ ಗರ್ಭಕೋಶ ತೆಗೆಯಬೇಕಾಯಿತು, ಇನ್ನು ಅವಳಿಗೆ ಮಕ್ಕಳಾಗುವುದಿಲ್ಲ" ಎಂದು ಬರೆದಳು ಎಂದುಕೊಳ್ಳಿ. ಅದು ನಿಜವೇ. ಆದರೆ ತಂಗಿಗೆ ಆ ಮಾತು ಹತ್ತು ಜನರ ಮುಂದೆ ರಕ್ತ ಕೇಂದ್ರದ ಬೋರ್ಡಿನಲ್ಲಿ ಇರುವುದು ಇಷ್ಟವೇ? ಅವಳನ್ನು ಕೂರಿಸಿಕೊಂಡು ಪತ್ರವನ್ನು ಜೋರಾಗಿ ಓದಿ ಕೇಳಿ. ಅವಳು ಬೇಡ ಎಂದ ವಾಕ್ಯವನ್ನು ವಾದ ಮಾಡದೆ ಹೊಡೆದು ಹಾಕಿ. "ಹೆರಿಗೆಯ ಹೊತ್ತಿಗೆ ದೊಡ್ಡ ಆಪರೇಷನ್ ಆಯಿತು" ಎಂಬಷ್ಟರಿಂದ ದಾನಿಗೆ ಏನೂ ಕಡಿಮೆಯಾಗುವುದಿಲ್ಲ. ರೋಗಿ ಇನ್ನೂ ಆಯಾಸದಲ್ಲಿದ್ದರೆ, ಆಪರೇಷನ್ ವಿಷಯ ತೆಗೆದರೆ ಮುಖ ತಿರುಗಿಸುತ್ತಿದ್ದರೆ, ಪತ್ರ ಕಾಯಲಿ. ಬಾಣಂತನ ಮುಗಿಯಲಿ. ಎರಡು ತಿಂಗಳಾದ ಮೇಲೆ ಬರೆದ ಪತ್ರದಲ್ಲಿ ಚೇತರಿಕೆಯ ಸುದ್ದಿಯೂ ಖಚಿತವಾಗಿರುತ್ತದೆ. ಮೊದಲ ವಾರದಲ್ಲೇ "ಪೂರ್ತಿ ಗುಣವಾಯಿತು" ಎಂದು ಬರೆದು, ಆಮೇಲೆ ಸೋಂಕಾಗಿ ಮತ್ತೆ ಆಸ್ಪತ್ರೆ ಸೇರುವುದೂ ಉಂಟು.

ರಕ್ತ ಕೇಂದ್ರದಲ್ಲಿ ಕೇಳಬೇಕಾದದ್ದು

ಬರೆಯುವ ಮೊದಲು ಕೇಂದ್ರಕ್ಕೆ ಫೋನ್ ಮಾಡಿ ಕೌನ್ಸೆಲರ್ ಅಥವಾ ವೈದ್ಯಾಧಿಕಾರಿಯ ಹತ್ತಿರ ಮಾತಾಡಿ. "ಪತ್ರ ಕೊಟ್ಟರೆ ಏನು ಮಾಡುತ್ತೀರಿ?" ಎಂದು ನೇರವಾಗಿ ಕೇಳಿ. ಕೇಂದ್ರದಿಂದ ಕೇಂದ್ರಕ್ಕೆ ಪದ್ಧತಿ ಬೇರೆ. ಚೀಲದ ಸಂಖ್ಯೆಯಿಂದ ದಾನಿಯನ್ನು ಗುರುತಿಸಿ, ಒಳಗಿಂದೊಳಗೇ ಪ್ರತಿ ಕಳಿಸಲು ಕೆಲವು ಕೇಂದ್ರಗಳು ಒಪ್ಪಬಹುದು. ಕೆಲವು ಕಡೆ ರಕ್ತ ತೆಗೆಯುವ ಕೋಣೆಯ ಬೋರ್ಡಿಗೆ ಹಾಕುತ್ತಾರೆ. ಇನ್ನು ಕೆಲವರು ಜೂನ್ 14ರ ವಿಶ್ವ ರಕ್ತದಾನಿಗಳ ದಿನ ಅಥವಾ ಅಕ್ಟೋಬರ್ 1ರ ರಾಷ್ಟ್ರೀಯ ಸ್ವಯಂಪ್ರೇರಿತ ರಕ್ತದಾನ ದಿನದ ಕಾರ್ಯಕ್ರಮದಲ್ಲಿ ಓದುತ್ತಾರೆ. ಎಲ್ಲಿಗೆ ಹೋಗುತ್ತದೆ ಎಂದು ತಿಳಿದರೆ ಉದ್ದ ಎಷ್ಟಿರಬೇಕು ಎಂಬುದೂ ತಿಳಿಯುತ್ತದೆ. ಬೋರ್ಡಿಗಾದರೆ ಒಂದು ಪುಟ ದಾಟಬಾರದು, ಕೈಯಲ್ಲಿ ಸೂಜಿ ಇಟ್ಟುಕೊಂಡು ಮಲಗಿದವರು ದೂರದಿಂದ ಓದುವಷ್ಟು ದಪ್ಪ ಅಕ್ಷರ ಇರಬೇಕು.

ಬೆಂಗಳೂರಿನ ದಾನಿಗಳಲ್ಲಿ ಕನ್ನಡ ಓದಲು ಬಾರದವರೂ ಇರುತ್ತಾರೆ. ಕಂಪನಿಗಳ ಶಿಬಿರದಲ್ಲಿ ಕೊಟ್ಟವರಾದರೆ ಇನ್ನೂ ಹೆಚ್ಚು. ಪತ್ರ ನಿಮ್ಮ ಭಾಷೆಯಲ್ಲೇ ಇರಲಿ, ಕೈಬರಹದಲ್ಲೇ ಇರಲಿ. ಇಂಗ್ಲಿಷಿನಲ್ಲಿ ಅದರ ಸಾರವನ್ನು ನಾಲ್ಕೈದು ಸಾಲಿನಲ್ಲಿ ಯಾರಿಂದಾದರೂ ಬರೆಸಿ ಕೆಳಗೆ ಅಂಟಿಸಿ.

ಬರೆಯುವಾಗ

ಸಂಬೋಧನೆಯಲ್ಲೇ ಕೆಲವರು ಎಡವುತ್ತಾರೆ. "ಪ್ರೀತಿಯ ಅಣ್ಣಂದಿರೇ" ಎಂದರೆ ಕೊಟ್ಟವರಲ್ಲಿದ್ದ ಹೆಣ್ಣುಮಕ್ಕಳು ಹೊರಗುಳಿಯುತ್ತಾರೆ. ಜಾತಿ, ಧರ್ಮ, ಊರು ಊಹಿಸಿ ಬರೆಯುವುದೂ ಬೇಡ. "ಯಾವ ಜಾತಿಯವರೋ ಏನೋ, ಆದರೂ ಕೊಟ್ಟಿರಿ" ಎಂಬ ವಾಕ್ಯವನ್ನು ಬರೆಯುವವರು ಒಳ್ಳೆಯ ಮನಸ್ಸಿನಿಂದಲೇ ಬರೆಯುತ್ತಾರೆ, ಓದುವವರಿಗೆ ಅದು ಚುಚ್ಚುತ್ತದೆ. "ರಕ್ತ ಕೊಟ್ಟ ನಿಮಗೆಲ್ಲರಿಗೂ ನಮಸ್ಕಾರ" ಸಾಕು.

"ನೀವು ದೇವರು", "ಏಳೇಳು ಜನ್ಮಕ್ಕೂ ಋಣಿ" ಎಂಬ ಮಾತುಗಳು ಮನಸ್ಸಿನಿಂದಲೇ ಬರುತ್ತವೆ, ಒಂದು ಸಲ ಬಂದರೆ ತಪ್ಪಿಲ್ಲ. ಇಡೀ ಪತ್ರ ಅದೇ ಆದರೆ ದಾನಿಗೆ ತಾನು ಕೊಟ್ಟದ್ದು ಎಲ್ಲಿ ಹೋಯಿತು ಎಂದು ತಿಳಿಯುವುದೇ ಇಲ್ಲ. ದಾನಿಗಳು ನನ್ನ ಹತ್ತಿರ ಕೇಳುವುದು ತೀರ ಸರಳ: ನನ್ನ ರಕ್ತ ಬಳಕೆಯಾಯಿತಾ, ಯಾರಿಗೆ ಅಂತಲ್ಲ, ಎಂಥವರಿಗೆ, ಅವರು ಈಗ ಹೇಗಿದ್ದಾರೆ. ಈ ಮೂರಕ್ಕೆ ಉತ್ತರ ಕೊಡುವ ಪತ್ರ ಒಳ್ಳೆಯ ಪತ್ರ.

ರಕ್ತದ ಗುಂಪನ್ನು ಬರೆಯಿರಿ, ಅದರಿಂದ ಗುರುತು ಸಿಗುವುದಿಲ್ಲ. ಸಾಮಾನ್ಯ ಗುಂಪಿನವರಿಗೆ "ನಮ್ಮದೇನು ಎಲ್ಲ ಕಡೆ ಸಿಗುತ್ತೆ" ಎಂಬ ಉದಾಸೀನ ಇರುತ್ತದೆ. ಬಿ ಪಾಸಿಟಿವ್ ಎಲ್ಲೆಲ್ಲೂ ಇದೆ ನಿಜ, ಬೇಕಾದವರೂ ಅಷ್ಟೇ ಜನ ಇದ್ದಾರೆ.

ಬಿಡಬೇಕಾದದ್ದು: ರೋಗಿಯ ಹೆಸರು, ಊರು, ಆಸ್ಪತ್ರೆ, ವೈದ್ಯರ ಹೆಸರು, ಫೋನ್ ನಂಬರ್, ಮಗುವಿನ ಫೋಟೊ. ಆಸ್ಪತ್ರೆಯ ಮೇಲಿನ ದೂರು, ಖರ್ಚಿನ ಲೆಕ್ಕ ಕೂಡ ಇಲ್ಲಿ ಬೇಡ, ಅವಕ್ಕೆ ಬೇರೆ ಜಾಗವಿದೆ. "ನಾವೂ ಕೊಡುತ್ತೇವೆ" ಎಂದು ಮಾತು ಕೊಡುವ ಮುನ್ನ ಕೊಡಬಹುದೇ ನೋಡಿಕೊಳ್ಳಿ. ರಕ್ತ ಪಡೆದವರು ಒಂದು ವರ್ಷ ಕೊಡುವಂತಿಲ್ಲ. ಮಗುವಿಗೆ ಹಾಲೂಡಿಸುವ ತಾಯಿ ಅದು ಮುಗಿಯುವವರೆಗೂ ಕೊಡುವಂತಿಲ್ಲ. ಶಸ್ತ್ರಚಿಕಿತ್ಸೆಯ ದಿನ ಕೊಟ್ಟ ಗಂಡಸರು 90 ದಿನ, ಹೆಂಗಸರು 120 ದಿನ ಕಾಯಬೇಕು.

ಇಷ್ಟೆಲ್ಲ ನೋಡಿಕೊಂಡು ಬರೆದರೆ ನಮ್ಮ ಉದಾಹರಣೆಯ ಪತ್ರ ಹೀಗಾಗುತ್ತದೆ:

*ರಕ್ತ ಕೊಟ್ಟ ನಿಮಗೆಲ್ಲರಿಗೂ ನಮಸ್ಕಾರ.*

*ನಿಮ್ಮ ಹೆಸರು ನಮಗೆ ಗೊತ್ತಿಲ್ಲ. ನೀವು ಹದಿನಾರು ಜನ ಎಂಬುದು ಮಾತ್ರ ಆಸ್ಪತ್ರೆಯ ಕಾಗದ ನೋಡಿ ತಿಳಿಯಿತು. ಬರೆಯುತ್ತಿರುವ ನಾನು ನಿಮ್ಮ ರಕ್ತ ಪಡೆದವಳ ಅಕ್ಕ. ಅವಳು ಪಕ್ಕದಲ್ಲೇ ಕೂತು, ಏನು ಬರೆಯಬೇಕು ಅಂತ ಹೇಳುತ್ತಿದ್ದಾಳೆ.*

*ಈ ಮಳೆಗಾಲದಲ್ಲಿ ಹೆರಿಗೆಯ ಹೊತ್ತಿಗೆ ಅವಳಿಗೆ ದೊಡ್ಡ ಆಪರೇಷನ್ ಆಯಿತು. ರಕ್ತ ಬಹಳ ಹೋಗುತ್ತೆ ಅಂತ ಡಾಕ್ಟರು ಮೊದಲೇ ಹೇಳಿದ್ದರು. ಬೆಳಿಗ್ಗೆ ಒಂಬತ್ತಕ್ಕೆ ಒಳಗೆ ಕರೆದುಕೊಂಡು ಹೋದರು. ಸ್ವಲ್ಪ ಹೊತ್ತಿಗೆ ಸಿಸ್ಟರ್ ಮಗುವನ್ನು ತಂದು ತೋರಿಸಿದರು. ನಮ್ಮಮ್ಮ ಮಗುವಿನ ಮುಖ ನೋಡಿದವರೇ "ನನ್ನ ಮಗಳು ಹೇಗಿದ್ದಾಳೆ?" ಅಂತ ಕೇಳಿದರು. ಸಿಸ್ಟರ್ ಏನೂ ಹೇಳದೆ ಒಳಗೆ ಹೋದರು. ಆಮೇಲೆ ಮಧ್ಯಾಹ್ನ ಮೂರರವರೆಗೂ ಸುದ್ದಿ ಇಲ್ಲ. ಒಬ್ಬ ಹುಡುಗ ಐಸ್ ಪೆಟ್ಟಿಗೆ ಹಿಡಿದುಕೊಂಡು ಮತ್ತೆ ಮತ್ತೆ ನಮ್ಮ ಮುಂದೆಯೇ ಓಡಿಹೋಗುತ್ತಿದ್ದ. ಪೆಟ್ಟಿಗೆಯ ಒಳಗಿದ್ದದ್ದು ನೀವು ಕೊಟ್ಟದ್ದು ಅಂತ ನಮಗೆ ಆಗ ಹೊಳೆಯಲಿಲ್ಲ.*

*ಕೆಂಪುಕಣ ಏಳು ಚೀಲ, ಪ್ಲಾಸ್ಮಾ ಆರು, ಪ್ಲೇಟ್‌ಲೆಟ್ ನಾಲ್ಕು. ನಿಮ್ಮಲ್ಲೊಬ್ಬರ ರಕ್ತ ಎರಡು ಚೀಲವಾಗಿ ಬಂದಿದೆ. ಪ್ಲೇಟ್‌ಲೆಟ್ ಕೊಟ್ಟವರು ಎರಡು ದಿನ ಮೊದಲಷ್ಟೇ ಕೊಟ್ಟಿದ್ದಿರಿ. ಪ್ಲಾಸ್ಮಾ ಕೊಟ್ಟ ಒಬ್ಬರು ಎಷ್ಟೋ ತಿಂಗಳ ಹಿಂದೆಯೇ ಕೊಟ್ಟಿಟ್ಟಿದ್ದಿರಿ. ಇಂಥ ಕಷ್ಟ ಬರುತ್ತೆ ಅಂತ ನಮಗೇ ಗೊತ್ತಿಲ್ಲದ ದಿನ ಅದು. ಅವಳದು ಬಿ ಪಾಸಿಟಿವ್. ಎಲ್ಲರ ಹತ್ತಿರವೂ ಇರುವ ರಕ್ತ ಅಂದುಕೊಂಡಿದ್ದೆವು. ಆದರೆ ಆವತ್ತು ಆ ಹೊತ್ತಿಗೆ ಅದು ಇದ್ದದ್ದು ನಿಮ್ಮಿಂದ.*

*ಎರಡು ತಿಂಗಳಾಯಿತು. ಮಗು ಚೆನ್ನಾಗಿ ಹಾಲು ಕುಡಿಯುತ್ತಿದೆ. ಅವಳಿಗೆ ಇನ್ನೂ ಬೇಗ ಸುಸ್ತಾಗುತ್ತೆ, ಆದರೆ ಎದ್ದು ಓಡಾಡುತ್ತಾಳೆ. ಮೊನ್ನೆ ದೊಡ್ಡ ಮಗಳಿಗೆ ತಾನೇ ಎರಡು ಜಡೆ ಹಾಕಿ ಸ್ಕೂಲಿಗೆ ಕಳಿಸಿದಳು. "ಅವರಿಗೆ ಇದನ್ನೂ ಬರಿ" ಅಂದಳು.*

*ನಮ್ಮ ಮನೆಯ ಕಡೆಯಿಂದಲೂ ಆವತ್ತು ಐದು ಜನ ರಕ್ತ ಕೊಟ್ಟರು. ಅದು ಯಾರಿಗೆ ಹೋಯಿತೋ ನಮಗೆ ಗೊತ್ತಿಲ್ಲ. ಅವರೂ ನಮ್ಮವಳ ಹಾಗೆ ಹುಷಾರಾಗಿ ಮನೆಗೆ ಹೋಗಿರಲಿ.*

*ಇಂತಿ,*
*ಅವಳ ಅಕ್ಕ ಮತ್ತು ಮನೆಯವರೆಲ್ಲ*

ಇದರಲ್ಲಿ ಗಂಟೆಗಳಿವೆ, ದಿನಾಂಕವಿಲ್ಲ. ಕಾಯಿಲೆಯ ಹೆಸರಿಲ್ಲ, ಆದರೂ ಎಂಥ ದಿನ ಎಂದು ತಿಳಿಯುತ್ತದೆ. ಜಡೆಯ ವಾಕ್ಯವನ್ನು ಗಮನಿಸಿ. "ಆರೋಗ್ಯವಾಗಿದ್ದಾಳೆ" ಎಂದು ಬರೆಯುವ ಜಾಗದಲ್ಲಿ ಅವಳು ಈಗ ಮಾಡಬಲ್ಲ ಒಂದು ಕೆಲಸವನ್ನು ಬರೆದಿದೆ. ನಿಮ್ಮ ಪತ್ರದಲ್ಲಿ ಅದು ಬೇರೆ ಇರುತ್ತದೆ: ಅಪ್ಪ ಹಾಲಿನ ಡೇರಿಗೆ ನಡೆದು ಹೋಗಿ ಬಂದದ್ದು, ಅಜ್ಜಿ ಮಜ್ಜಿಗೆ ಕಡೆದದ್ದು. ಅದನ್ನು ಹುಡುಕಲು ಸ್ವಲ್ಪ ಯೋಚಿಸಿದರೂ ಚಿಂತೆಯಿಲ್ಲ.

ರೋಗಿ ಉಳಿಯದೇ ಹೋದರೆ

ಆಗಲೂ ಬರೆಯಬಹುದು. ನಾನು ಇಟ್ಟುಕೊಂಡಿರುವ ಪತ್ರಗಳಲ್ಲಿ ಅಂಥವೂ ಇವೆ, ಅವನ್ನು ಓದಿದ ದಾನಿಗಳು ಕೊಡುವುದನ್ನು ನಿಲ್ಲಿಸಿಲ್ಲ. ಆದರೆ ಅವಸರ ಬೇಡ. ತಿಂಗಳ ಕಾರ್ಯ ಕಳೆದು, ಮನೆ ಸ್ವಲ್ಪ ತಿಳಿಯಾದ ಮೇಲೆ, ಬರೆಯಬೇಕು ಅನ್ನಿಸಿದರೆ ಮಾತ್ರ. ಬರೆಯಲೇಬೇಕೆಂಬ ಕಟ್ಟುಪಾಡಿಲ್ಲ.

ಅಂಥ ಪತ್ರದಲ್ಲಿ ಸಾವಿನ ಸುದ್ದಿಯನ್ನು ಮೊದಲ ನಾಲ್ಕೈದು ವಾಕ್ಯದೊಳಗೇ ಹೇಳಿಬಿಡಿ. ಕೊನೆಯವರೆಗೂ ಆಸೆ ಹುಟ್ಟಿಸಿ ಆಮೇಲೆ ಹೇಳಿದರೆ ಓದುವವರಿಗೆ ಏಟು ಬಿದ್ದಂತಾಗುತ್ತದೆ. ನಂತರ, ಆ ರಕ್ತದಿಂದ ಸಿಕ್ಕಿದ್ದೇನು ಎಂಬುದನ್ನು ಉಳ್ಳದ್ದು ಉಳ್ಳ ಹಾಗೆ ಬರೆಯಿರಿ. "ಆಪರೇಷನ್ ಆದ ಮೇಲೆ ಅಪ್ಪ ನಾಲ್ಕು ದಿನ ಇದ್ದರು. ಮೂರನೆಯ ದಿನ ಕಣ್ಣು ಬಿಟ್ಟು ನನ್ನ ತಮ್ಮನನ್ನು ಹೆಸರು ಹಿಡಿದು ಕರೆದರು. ಅವನು ದುಬೈನಿಂದ ಅಷ್ಟರಲ್ಲಿ ಬಂದು ಮುಟ್ಟಿದ್ದ. ಆ ನಾಲ್ಕು ದಿನ ನಮಗೆ ಕೊಟ್ಟವರು ನೀವು." ಇಷ್ಟರಲ್ಲಿ ಸುಳ್ಳು ಸಮಾಧಾನವೂ ಇಲ್ಲ, ದಾನಿಯ ತಲೆಯ ಮೇಲೆ ಭಾರವೂ ಇಲ್ಲ. ಮೇಜಿನ ಮೇಲೆಯೇ ಜೀವ ಹೋಗಿದ್ದರೆ, ವೈದ್ಯರು ಕೊನೆಯವರೆಗೂ ಪ್ರಯತ್ನಿಸಲು ನಿಮ್ಮ ರಕ್ತ ಕೈಗೆ ಸಿಗುವಂತಿತ್ತು ಎಂಬುದೇ ನಿಜವಾದ ಮಾತು, ಅದನ್ನೇ ಬರೆಯಿರಿ.

ಕೊಡುವಾಗ ಕೌನ್ಸೆಲರ್‌ಗೆ ಬಾಯಿಮಾತಿನಲ್ಲಿ ಮೊದಲೇ ತಿಳಿಸಿ. ಮೊದಲ ಸಲ ರಕ್ತ ಕೊಡಲು ಬಂದು ಹೆದರಿಕೊಂಡು ಮಲಗಿರುವ ಹುಡುಗಿಯ ಎದುರಿನ ಬೋರ್ಡಿನಲ್ಲಿ ನಾನಂತೂ ಅದನ್ನು ಹಾಕುವುದಿಲ್ಲ. ವರ್ಷಗಳಿಂದ ಕೊಡುತ್ತ ಬಂದವರಿಗೆ, ಓದುತ್ತೀರಾ ಎಂದು ಕೇಳಿ, ಒಪ್ಪಿದವರ ಕೈಗೆ ಕೊಡುತ್ತೇನೆ.

ತಲುಪಿಸುವುದು

ಪತ್ರವನ್ನು ಲಕೋಟೆಯಲ್ಲಿ ಹಾಕಿ, ಅಂಟಿಸದೆ ಕೊಡಿ. ಗುರುತು ಸಿಗುವ ಮಾತು ಉಳಿದಿದೆಯೇ ಎಂದು ನಾವು ಓದಿ ನೋಡಲೇಬೇಕು. ಜೊತೆಗೆ ಬೇರೊಂದು ಹಾಳೆಯಲ್ಲಿ ರೋಗಿಯ ಹೆಸರು, ಆಸ್ಪತ್ರೆಯ ನಂಬರ್, ಚೀಲಗಳ ಸಂಖ್ಯೆ ಬರೆದು ಕೊಡಿ. ಅದು ಕೇಂದ್ರದೊಳಗೇ ಉಳಿಯುತ್ತದೆ, ದಾನಿಯನ್ನು ಹುಡುಕಲು ನಮಗೆ ಬೇಕು. ಎರಡು ಕೇಂದ್ರವಾದರೆ ಎರಡು ಪ್ರತಿ, ಆಯಾ ಕೇಂದ್ರದ ಚೀಲಗಳ ಪಟ್ಟಿ ಆಯಾ ಕೇಂದ್ರಕ್ಕೆ ಮಾತ್ರ. ಊರಿನಿಂದ ಬರಲಾಗದಿದ್ದರೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ಮೇಲೆ "ಕೌನ್ಸೆಲರ್, ರಕ್ತ ಕೇಂದ್ರ" ಎಂದು ಬರೆಯಿರಿ. ಬರೀ ಆಸ್ಪತ್ರೆಯ ಹೆಸರಿಗೆ ಬಂದ ಕಾಗದ ಯಾವ ವಿಭಾಗಕ್ಕೆ ಹೋಗಿ ಕೂರುತ್ತದೋ ಹೇಳಲಾಗುವುದಿಲ್ಲ.

ಪತ್ರದೊಳಗೆ ನೋಟು ಇಡಬೇಡಿ, ದಾನಿಗಳಿಗೆ ಎಂದು ಉಡುಗೊರೆ ತರಬೇಡಿ, ಅದನ್ನು ನಾವು ಮುಟ್ಟುವಂತಿಲ್ಲ. ಪತ್ರದ ಫೋಟೊವನ್ನು ವಾಟ್ಸ್‌ಆ್ಯಪ್ ಸ್ಟೇಟಸ್‌ಗೆ ಹಾಕಿದರೆ ಇಷ್ಟು ಕಷ್ಟಪಟ್ಟು ಮುಚ್ಚಿಟ್ಟ ಗುರುತೆಲ್ಲ ನಿಮ್ಮ ಹೆಸರಿನೊಂದಿಗೆ ಹೊರಗೆ ಬರುತ್ತದೆ. ವಾರ್ಡಿನಲ್ಲಿ ತೆಗೆದ ರಕ್ತದ ಚೀಲದ ಫೋಟೊ ಕೂಡ ಹಾಕಬೇಡಿ. ಬಿ ಗುಂಪಿನ ಆ ಗುಲಾಬಿ ಬಣ್ಣದ ಚೀಟಿಯ ಮೇಲೆ ದಾನದ ಸಂಖ್ಯೆ ಸ್ಪಷ್ಟವಾಗಿ ಓದುವಂತಿರುತ್ತದೆ.

ಉತ್ತರ ಬರುವುದಿಲ್ಲ ಎಂದೇ ತಿಳಿದುಕೊಂಡು ಕೊಡಿ. ಬಂದರೆ ಅದೂ ಹೆಸರಿಲ್ಲದ ಚೀಟಿಯಾಗಿ ನಮ್ಮ ಮೂಲಕವೇ ಬರುತ್ತದೆ. ಯಾರಾದರೂ ನಿಮಗೆ ನೇರವಾಗಿ ಫೋನ್ ಮಾಡಿ "ನಾನೇ ರಕ್ತ ಕೊಟ್ಟವನು" ಎಂದು ಹಣದ ಮಾತು ತೆಗೆದರೆ ನಂಬಬೇಡಿ, ಕೇಂದ್ರಕ್ಕೆ ತಿಳಿಸಿ.

ಪತ್ರಕ್ಕೆಂದು ಜೋಡಿಸಿದ ಆ ಮೂರು ಕಾಗದಗಳನ್ನು ಎಸೆಯದೆ ರೋಗಿಯ ಫೈಲಿನಲ್ಲಿ ಎಲ್ಲಕ್ಕಿಂತ ಮೇಲಿಡಿ. ಹಲವು ಜನರ ಕೆಂಪುಕಣ ಪಡೆದವರ ದೇಹದಲ್ಲಿ, ಅದರಲ್ಲೂ ಬಸಿರಾದ ಹೆಂಗಸರಲ್ಲಿ, ಬೇರೆಯವರ ರಕ್ತದ ವಿರುದ್ಧ ಪ್ರತಿಕಾಯಗಳು ಹುಟ್ಟಿಕೊಂಡಿರಬಹುದು. ಆಗ ಮುಂದಿನ ಸಲ ಹೊಂದುವ ರಕ್ತ ಸಿಗುವುದು ತಡವಾಗುತ್ತದೆ. ಮತ್ತೆ ಯಾವುದೇ ಶಸ್ತ್ರಚಿಕಿತ್ಸೆಗೆ ಹೋಗುವಾಗ "ಇವರಿಗೆ ಮೊದಲು ಇಷ್ಟು ಚೀಲ ರಕ್ತ ಕೊಟ್ಟಿದ್ದಾರೆ" ಎಂದು ಕಾಗದ ತೋರಿಸಿ, ಆ ಪ್ರತಿಕಾಯಗಳನ್ನು ಹುಡುಕುವ ಆಂಟಿಬಾಡಿ ಸ್ಕ್ರೀನಿಂಗ್ ಮಾಡಿಸಬೇಕೇ ಎಂದು ವೈದ್ಯರನ್ನು ಕೇಳಿ. ದಿನ ಗೊತ್ತಾದ ಶಸ್ತ್ರಚಿಕಿತ್ಸೆಯಾದರೆ ಒಂದೆರಡು ವಾರ ಮೊದಲೇ ಕೇಳುವುದು ಒಳ್ಳೆಯದು.